ಚೈನಿಗೆ ಸ್ನಾನ, ಕೇಸಿಗೆ ಒದ್ದೆ ಬಟ್ಟೆ

ಸ್ಟೀಲ್ ಚೈನಿನ ವಾಚನ್ನು ನಾಲ್ಕೈದು ವರ್ಷ ದಿನವೂ ಕಟ್ಟಿದವರು ಒಮ್ಮೆ ಅದನ್ನು ಬಿಚ್ಚಿ, ಕೊಂಡಿಗಳನ್ನು ಹಿಂದಕ್ಕೆ ಬಾಗಿಸಿ ಬೆಳಕಿಗೆ ಹಿಡಿದು ನೋಡಬೇಕು. ಪ್ರತಿ ಸಂದಿಯಲ್ಲೂ ಕಪ್ಪಗಿನ ಅಂಟು ಕೂತಿರುತ್ತದೆ. ಬೆವರಿನ ಉಪ್ಪು, ಚರ್ಮದ ಜಿಡ್ಡು, ಧೂಳು, ಕೈತೊಳೆಯುವಾಗ ಒಳಸೇರಿದ ಸೋಪು ಎಲ್ಲ ಕಲೆತು ಗಟ್ಟಿಯಾದ ಪದಾರ್ಥ ಅದು. ನೋಡಲು ಅಸಹ್ಯ ಅನ್ನುವುದಷ್ಟೇ ಅದರ ತೊಂದರೆಯಲ್ಲ. ಸ್ಟೀಲು ತುಕ್ಕು ಹಿಡಿಯದಂತೆ ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪದರ. ಆ ಪದರ ಎಲ್ಲಾದರೂ ಸವೆದರೆ ಗಾಳಿಯ ಆಮ್ಲಜನಕದಿಂದ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಕೊಳೆಯ ಅಡಿಯಲ್ಲಿ ಗಾಳಿಯಿಲ್ಲ, ಬೆವರಿನ ಉಪ್ಪಿದೆ. ಹಾಗಾಗಿ ಅಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಮೊದಲು ಕೆಡುವುದು ಕೊಂಡಿಗಳನ್ನು ಹಿಡಿದಿರುವ ಸಣ್ಣ ಪಿನ್ನುಗಳು. ಪಿನ್ನು ತುಂಡಾದ ದಿನ ವಾಚು ಕೈಯಿಂದ ಜಾರುತ್ತದೆ.

ಹಾಗಾದರೆ ತೊಳೆಯಲೇಬೇಕು. ಆದರೆ ಇಲ್ಲೇ ಬಹಳ ಜನ ಎಡವುತ್ತಾರೆ. ಹಿಂದಿನ ಮುಚ್ಚಳದ ಮೇಲೆ ‘ವಾಟರ್ ರೆಸಿಸ್ಟೆಂಟ್ 50 ಮೀ’ ಎಂದು ಕೆತ್ತಿರುವುದನ್ನು ನಂಬಿ ಇಡೀ ವಾಚನ್ನು ಸೋಪಿನ ನೀರಿಗೆ ಇಳಿಸುತ್ತಾರೆ. ಕೊಳೆ ಕೂತಿರುವುದು ಹೆಚ್ಚಾಗಿ ಚೈನಿನಲ್ಲಿ, ನೀರಿನ ಭಯವಿರುವುದು ಕೇಸಿಗೆ. ಎರಡನ್ನೂ ಬೇರೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಆ 50 ಮೀಟರ್ ಅನ್ನುವುದು ಅಷ್ಟು ಆಳಕ್ಕೆ ಮುಳುಗಬಹುದು ಎಂಬ ಭರವಸೆಯಲ್ಲ. ಹೊಸ ವಾಚು, ಅಲುಗದ ನೀರಿನಲ್ಲಿ, ಅಷ್ಟು ಆಳದ ಒತ್ತಡವನ್ನು ಪರೀಕ್ಷೆಯಲ್ಲಿ ತಡೆದಿದೆ ಎಂದಷ್ಟೇ ಅರ್ಥ. ನೀರನ್ನು ತಡೆಯುವುದು ಸ್ಟೀಲಲ್ಲ, ಗ್ಯಾಸ್ಕೆಟ್ ಎಂಬ ತೆಳ್ಳನೆಯ ಉಂಗುರಗಳು. ಹಿಂದಿನ ಮುಚ್ಚಳದ ಸುತ್ತ ಒಂದು, ಗಾಜಿನ ಸುತ್ತ ಒಂದು, ಟೈಮ್ ತಿರುಗಿಸುವ ಕ್ರೌನಿನ ಒಳಗೆ ಒಂದು. ರಬ್ಬರ್ ವರ್ಷ ಕಳೆದಂತೆ ಗಡುಸಾಗುತ್ತದೆ, ಚಪ್ಪಟೆಯಾಗುತ್ತದೆ. ಕ್ರೌನಿನದು ಪ್ರತಿಸಲ ತಿರುಗಿಸಿದಾಗಲೂ ಸವೆಯುತ್ತದೆ. ಬ್ಯಾಟರಿ ಹಾಕಲು ಮುಚ್ಚಳ ತೆಗೆದವರು ಹಳೆಯ ಉಂಗುರವನ್ನೇ ಒಣಗಿದ್ದಂತೆ ಕೂರಿಸಿ ಮುಚ್ಚಿದ್ದರೆ, ಕೆತ್ತಿದ ಅಂಕಿಗೂ ವಾಚಿನ ನಿಜವಾದ ಬಲಕ್ಕೂ ಸಂಬಂಧವೇ ಉಳಿದಿರುವುದಿಲ್ಲ.

ಉದಾಹರಣೆಗೆ ಐದು ವರ್ಷ ಹಳೆಯ, ಎರಡು ಸಲ ಬ್ಯಾಟರಿ ಬದಲಾಗಿರುವ ಒಂದು ಕ್ವಾರ್ಟ್ಸ್ ವಾಚನ್ನು ತೆಗೆದುಕೊಳ್ಳೋಣ. ಸ್ಟೀಲ್ ಕೇಸು, ಸ್ಟೀಲ್ ಚೈನು, 50 ಮೀಟರ್. ಮೊದಲು ಚೈನನ್ನು ಕೇಸಿನಿಂದ ಬಿಡಿಸಬೇಕು. ಎರಡೂ ಕಡೆ ಅದನ್ನು ಹಿಡಿದಿರುವುದು ಸ್ಪ್ರಿಂಗ್ ಪಿನ್ನು. ಅದರ ತುದಿಯನ್ನು ಒಳಕ್ಕೆ ಒತ್ತಲು ಕವಲು ಬಾಯಿಯ ಸಣ್ಣ ಸಾಧನ ಸಿಗುತ್ತದೆ. ಸಾಧನ ಜಾರಿ ಕೇಸಿಗೆ ಗೀರು ಬೀಳುವುದು ಸಾಮಾನ್ಯ. ಆದ್ದರಿಂದ ಕೇಸಿನ ಕೊಂಬುಗಳಿಗೆ ಮೊದಲೇ ಟೇಪ್ ಅಂಟಿಸಿ, ಕೆಳಗೆ ಟವೆಲ್ ಹಾಸಿಕೊಳ್ಳಬೇಕು. ಪಿನ್ನು ಚಿಮ್ಮಿದರೂ ಅಲ್ಲೇ ಬೀಳುತ್ತದೆ. ಕೈ ನಡುಗುವವರು ವಾಚ್ ರಿಪೇರಿ ಅಂಗಡಿಯಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು.

ಬಿಡಿಸಿದ ಚೈನಿಗೆ ಮಾತ್ರ ಧಾರಾಳವಾಗಿ ಸ್ನಾನ ಮಾಡಿಸಬಹುದು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಮೂರು ನಾಲ್ಕು ಹನಿ ಹಾಕಿ, ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ. ಆಮೇಲೆ ಮಕ್ಕಳ ಮೆತ್ತನೆಯ ಟೂತ್‌ಬ್ರಷ್ ಸಾಕು. ಚೈನನ್ನು ನೆಟ್ಟಗೆ ಹಿಡಿದು ತಿಕ್ಕಿದರೆ ಮೇಲಿನದಷ್ಟೇ ಹೋಗುತ್ತದೆ. ಬೆರಳ ಮೇಲೆ ಬಾಗಿಸಿ ಸಂದಿ ಬಾಯಿಬಿಟ್ಟಾಗ ಅಡ್ಡಡ್ಡ ತಿಕ್ಕಬೇಕು, ತಿರುವಿ ಒಳಮೈಯನ್ನೂ. ಕೊಕ್ಕೆ, ಅಂದರೆ ಬಕಲ್ಲು, ಅತಿ ಹೆಚ್ಚು ಕೊಳೆ ಹಿಡಿಯುವ ಜಾಗ. ಅದನ್ನು ತೆರೆದು ಮಡಿಕೆಗಳ ಬುಡವನ್ನು ತಿಕ್ಕಿ. ನೀರು ಬೂದಿಬಣ್ಣಕ್ಕೆ ತಿರುಗಿದರೆ ಸರಿಯಾಗಿ ನಡೆದಿದೆ. ಕಂದುಗೆಂಪು ಪುಡಿ ಇಳಿದರೆ ಒಳಗಿನ ಪಿನ್ನಿಗೆ ತುಕ್ಕು ಹಿಡಿದಿರಬಹುದು, ಅಂಗಡಿಯಲ್ಲಿ ತೋರಿಸಿ. ಹಸಿರು ಬಂದರೆ ಮೆರುಗಿನ ಕೆಳಗೆ ಹಿತ್ತಾಳೆಯಿರುವ ಸಾಧ್ಯತೆ ಹೆಚ್ಚು, ಆ ಚೈನನ್ನು ಜೋರಾಗಿ ತಿಕ್ಕಬಾರದು. ಎರಡು ಸಲ ನೀರು ಬದಲಿಸಿ ಜಾಲಾಡಿ, ಬಟ್ಟೆಯಲ್ಲಿ ಒತ್ತಿ, ರಾತ್ರಿಯಿಡೀ ಫ್ಯಾನಿನ ಗಾಳಿಗೆ ತೂಗಹಾಕಿ. ಸಂದಿಯಲ್ಲಿ ಉಳಿದ ತೇವವೇ ಮುಂದಿನ ತುಕ್ಕಿಗೆ ದಾರಿ.

ಕೇಸಿನ ಕೆಲಸ ಇದಕ್ಕಿಂತ ಚಿಕ್ಕದು. ಕ್ರೌನು ಪೂರ್ತಿ ಒಳಗೆ ಕೂತಿದೆಯೇ ನೋಡಿ, ಸ್ಕ್ರೂ ಮಾದರಿಯದಾದರೆ ಬಿಗಿಯಿರಿ. ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಗಾಜು, ಪಕ್ಕ, ಹಿಂಬದಿ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ. ಮುಚ್ಚಳದ ಅಂಚಿನ ಕೊಳೆಯನ್ನು ಒದ್ದೆ ಮಾಡಿದ ಮರದ ಹಲ್ಲುಕಡ್ಡಿಯಿಂದ ಸುತ್ತಲೂ ಸವರಿದರೆ ಬರುತ್ತದೆ. ಸೂಜಿ, ಪಿನ್ನು ಬೇಡ, ಗೀರು ಬೀಳುತ್ತದೆ. ಗ್ಯಾಸ್ಕೆಟ್ ಬದಲಿಸಿ ಒತ್ತಡ ಪರೀಕ್ಷೆ ಮಾಡಿಸಿ ವರ್ಷ ಕಳೆಯದ 100 ಮೀಟರಿನ ವಾಚಾದರೆ ಸಣ್ಣಗೆ ಬಿಟ್ಟ ನಲ್ಲಿಯ ಕೆಳಗೆ ಹಿಡಿಯಬಹುದು. ನಮ್ಮ ಉದಾಹರಣೆಯ ವಾಚಿಗೆ ಆ ಭಾಗ್ಯವಿಲ್ಲ.

ಬಿಸಿನೀರು ಮಾತ್ರ ಯಾವ ವಾಚಿಗೂ ಬೇಡ. ಕಾರಣ ಸರಳ. 28 ಡಿಗ್ರಿಯಲ್ಲಿದ್ದ ಕೇಸಿನೊಳಗಿನ ಗಾಳಿ 50 ಡಿಗ್ರಿಗೆ ಕಾದರೆ ಅದರ ಒತ್ತಡ ಶೇಕಡ 7ರಷ್ಟು ಏರುತ್ತದೆ. ದಣಿದ ಗ್ಯಾಸ್ಕೆಟ್ಟಿನ ಪಕ್ಕದಿಂದ ಒಂದಿಷ್ಟು ಹೊರಗೆ ನುಸುಳುತ್ತದೆ. ಆಮೇಲೆ ತಣ್ಣೀರು ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನ ನೀರನ್ನು ಒಳಕ್ಕೆಳೆಯುತ್ತದೆ. ಸೋಪು ಬೆರೆತಿದ್ದರೆ ನೀರಿನ ಹಿಡಿತ ಸಡಿಲಾಗಿ, ಸಾದಾ ನೀರು ನುಸುಳದ ಸಂದಿಯಲ್ಲೂ ಅದು ನುಸುಳುತ್ತದೆ. ಹೇರ್ ಡ್ರೈಯರ್, ಹಬೆ, ಪಂಪಿನ ಗಾಳಿಯನ್ನು ಕ್ರೌನಿನತ್ತ ಊದುವುದು ಎಲ್ಲಕ್ಕೂ ಇದೇ ಬಗೆಯ ಅಪಾಯ. ಕನ್ನಡಕದಂಗಡಿಯಲ್ಲಿರುವ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಬಿಡಿಸಿದ ಸ್ಟೀಲ್ ಚೈನನ್ನು ಹಾಕಬಹುದು, ಇಡೀ ವಾಚನ್ನಲ್ಲ. ಅದರ ಕಂಪನ ನೀರನ್ನು ಒಳಗೆ ನೂಕಬಲ್ಲದು, ಒಳಗಿನ ಸಣ್ಣ ಸ್ಕ್ರೂಗಳನ್ನೂ ಸಡಿಲಿಸಬಲ್ಲದು.

ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಮತ್ತು ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಬ್ಲೀಚು, ಟಾಯ್ಲೆಟ್ ತೊಳೆಯುವ ಆಸಿಡ್ ಸ್ಟೀಲಿನಲ್ಲೇ ಗುಳಿ ಬೀಳಿಸುತ್ತವೆ. ದೇವರ ಪಾತ್ರೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ ಹೊಳಪು ಕೊಡುವುದು ನಿಜ. ವಾಚಿಗೆ ಹುಣಸೆಯ ಹುಳಿ ಮೆರುಗು ಸವೆದ ಕಡೆ ಹಿತ್ತಾಳೆಯನ್ನು ತಿನ್ನುತ್ತದೆ, ವಿಭೂತಿ ಮತ್ತು ಟೂತ್‌ಪೇಸ್ಟು ಗೀರೆಳೆಯುತ್ತವೆ.

ನೀರು ಒಳಸೇರಿದೆಯೇ ಎಂದು ತಿಳಿಯಲು ವಾಚನ್ನು ಕೈಯಲ್ಲೇ ಬೆಚ್ಚಗಾಗಲು ಬಿಟ್ಟು, ಗಾಜಿನ ನಡುವೆ ಒಂದು ಹನಿ ತಣ್ಣೀರು ಇಟ್ಟು ಒಂದು ನಿಮಿಷದ ಮೇಲೆ ಒರೆಸಿ. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ಬಿಸಿಲಿಗೆ ಇಡಬೇಡಿ, ಅಕ್ಕಿಯ ಡಬ್ಬಿಯಲ್ಲೂ ಹೂಳಬೇಡಿ. ಅದೇ ದಿನ ಮುಚ್ಚಳ ತೆಗೆಸಿ ಒಣಗಿಸಬೇಕು, ಇಲ್ಲವಾದರೆ ಮುಳ್ಳು, ಚಕ್ರಗಳಿಗೆ ತುಕ್ಕು ಹತ್ತುತ್ತದೆ. ಬ್ಯಾಟರಿ ಬದಲಿಸುವಾಗಲೇ ಹೊಸ ಗ್ಯಾಸ್ಕೆಟ್ ಹಾಕಿ ಸಿಲಿಕಾನ್ ಗ್ರೀಸ್ ಸವರಿ ಎಂದು ಕೇಳಿ.

ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯ ವಾಚುಗಳು ಇನ್ನೂ ಅನೇಕ ಮನೆಗಳಲ್ಲಿವೆ. ಜನತಾದಂಥ ಹಳೆಯ ಕೀ ಕೊಡುವ ವಾಚುಗಳಿಗೆ ಗಾಜಿನ ಬದಲು ಅಕ್ರಿಲಿಕ್ ಇರುತ್ತದೆ. ಅದಕ್ಕೆ ಸ್ಪಿರಿಟ್ ತಾಗಿದರೆ ಕೂದಲಿನಂಥ ಬಿರುಕುಗಳು ಮೂಡುತ್ತವೆ. ಹಲವಕ್ಕೆ ಕೇಸು ಕೂಡ ಮೆರುಗು ಹಾಕಿದ ಹಿತ್ತಾಳೆಯದೇ. ಅಂಥ ವಾಚಿಗೆ ನೀರೂ ಬೇಡ, ಒಣಗಿದ ಮೆತ್ತನೆಯ ಬಟ್ಟೆ ಸಾಕು, ಉಳಿದದ್ದು ರಿಪೇರಿಯವರ ಕೆಲಸ.