ಷೋಕೇಸಿಗೆ ಧೂಳು ನುಗ್ಗುವ ದಾರಿಗಳು

ಊಟದ ಕೋಣೆಯ ಕ್ರಾಕರಿ ಯೂನಿಟ್ಟಿನಲ್ಲಿರುವ ಲೋಟಗಳನ್ನು ಒರೆಸುವ ಮೊದಲು ಹಲಗೆಯ ಮೇಲೆ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಧೂಳು ಎಲ್ಲ ಕಡೆ ಒಂದೇ ಸಮ ಕೂತಿರುವುದಿಲ್ಲ. ಎರಡು ಬಾಗಿಲು ಸೇರುವ ಕಡೆ ದಟ್ಟವಾಗಿ, ಮೂಲೆಗಳಲ್ಲಿ ತೆಳ್ಳಗೆ ಇರುತ್ತದೆ. ದಟ್ಟವಾಗಿರುವ ಕಡೆಯೇ ಸಂದಿಯಿದೆ.

ಬಾಗಿಲುಗಳ ನಡುವೆ 3 ಮಿ.ಮೀ. ಬಿಡುವುದು ಬಡಗಿಗಳ ವಾಡಿಕೆ. ಬಾಗಿಲು ಮೂರೂವರೆ ಅಡಿ ಎತ್ತರವಿದ್ದರೆ ಆ ಸಂದಿಯ ಒಟ್ಟು ವಿಸ್ತೀರ್ಣ ಸುಮಾರು 32 ಚದರ ಸೆಂ.ಮೀ. ಆಗುತ್ತದೆ, ಹೆಚ್ಚುಕಡಿಮೆ ಎರಡು ಬೆಂಕಿಪೊಟ್ಟಣದಷ್ಟು ತೂತು. ಫ್ಯಾನ್ ತಿರುಗಿದಾಗ, ಬಾಗಿಲು ತೆಗೆದು ಹಾಕಿದಾಗ ಅದರಿಂದಲೇ ಗಾಳಿ ಒಳಗೂ ಹೊರಗೂ ಓಡಾಡುತ್ತದೆ. ಜಾರುವ ಗಾಜಿನ ಬಾಗಿಲಿನ ಪಾಡು ಇನ್ನೂ ಕಷ್ಟ. ಒಂದರ ಹಿಂದೊಂದು ಓಡುವ ಎರಡು ಗಾಜುಗಳ ನಡುವೆ ಸಂದಿ ಇರಲೇಬೇಕು, ಕೆಳಗಿನ ಚಾನೆಲ್ಲೂ ಧೂಳಿನ ತೊಟ್ಟಿಯಾಗುತ್ತದೆ. ಜಾಗ ಉಳಿಯುತ್ತದೆ ಎಂಬ ಆಸೆಗೆ ಜಾರುಬಾಗಿಲು ಹಾಕಿಸಿದವರು ಆಮೇಲೆ ಒರೆಸುವ ಬಟ್ಟೆ ಕೆಳಗಿಡುವುದಿಲ್ಲ. ಹಿಂಜ್ ಮೇಲೆ ತೆರೆಯುವ ಬಾಗಿಲೇ ವಾಸಿ.

ಒಂದು ಉದಾಹರಣೆಯನ್ನೇ ಲೆಕ್ಕ ಹಾಕೋಣ. ಅಪಾರ್ಟ್‌ಮೆಂಟಿನ ಊಟದ ಮೇಜಿನ ಪಕ್ಕ ಮೂರು ಅಡಿ ಅಗಲದ ಗೋಡೆ ಸಿಕ್ಕಿದೆ ಎನ್ನಿ. ನೆಲದಿಂದ ಎರಡೂವರೆ ಅಡಿವರೆಗೆ ಮರದ ಬಾಗಿಲು, ಡ್ರಾಯರ್ ಇರಲಿ. ಕಸ ಗುಡಿಸುವಾಗ ಏಳುವ ಧೂಳು ಹೆಚ್ಚು ತಾಗುವುದು ಅಲ್ಲಿಗೇ. ಅದರ ಮೇಲೆ ಮೂರೂವರೆ ಅಡಿ ಗಾಜಿನ ಭಾಗ. ಒಳಗಿನ ಆಳ 12 ಇಂಚು ಇದ್ದರೆ ದೊಡ್ಡ ಊಟದ ತಟ್ಟೆಯೂ ಹಿಡಿಯುತ್ತದೆ.

ಇಲ್ಲಿ ಬಡಗಿಗೆ ಮೊದಲೇ ಹೇಳಬೇಕಾದ ಮಾತು ಎರಡು. ಒಂದು, ಬಾಗಿಲು ಚೌಕಟ್ಟಿನ ಒಳಗೆ ಕೂರುವುದು ಬೇಡ, ಪ್ಲೈವುಡ್ಡಿನ ಅಂಚಿನ ಮೇಲೆ ಬಂದು ಕೂರಲಿ. ಇದಕ್ಕೆ ಬೇಕಾದ ಹಿಂಜನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ‘ಝೀರೋ ಕ್ರಾಂಕ್’ ಎಂದು ಕೇಳಬೇಕು. ಎರಡು, ನಟ್ಟನಡುವೆ 18 ಮಿ.ಮೀ. ಪ್ಲೈನ ಒಂದು ನಿಲುವು ಪಟ್ಟಿ ಇರಲಿ. ಎರಡೂ ಬಾಗಿಲು ಅದರ ಮೇಲೆ ಏಳೆಂಟು ಮಿ.ಮೀ. ಒರಗಿದರೆ ಅವುಗಳ ನಡುವಿನ ಸಂದಿ ಹಿಂದಿನಿಂದ ಮುಚ್ಚಿಹೋಗುತ್ತದೆ. ಲೋಟ ಜೋಡಿಸುವಾಗ ಈ ಪಟ್ಟಿ ಕೈಗೆ ಸ್ವಲ್ಪ ಅಡ್ಡ ಬರುತ್ತದೆ ಎಂದು ಕೆಲವರು ಗೊಣಗುವುದುಂಟು. ವಾರವಾರ ಒರೆಸುವುದಕ್ಕಿಂತ ಅದು ಮೇಲು.

ಬಾಗಿಲು ಬಂದು ತಾಗುವ ಅಂಚಿಗೆಲ್ಲ ಹಿಂದೆ ಅಂಟಿರುವ ಮೆತ್ತನೆಯ ರಬ್ಬರ್ ಪಟ್ಟಿ ಹಚ್ಚಬೇಕು. ದಪ್ಪ ಎರಡು ಮಿ.ಮೀ. ಸಾಕು. ದಪ್ಪ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಂಡರೆ ಕೆಟ್ಟಿತು. ಹಿಂಜ್ ಇರುವ ಬದಿಯಲ್ಲಿ ರಬ್ಬರ್ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ, ಎದುರು ಬದಿ ಬಾಯಿಬಿಡುತ್ತದೆ. ಆಗ ಹಿಂಜಿನ ಹಿಂದಿನ ಸ್ಕ್ರೂ ಸಡಿಲಿಸಿ ಬಾಗಿಲನ್ನು ರಬ್ಬರಿನ ದಪ್ಪದಷ್ಟು ಮುಂದಕ್ಕೆ ಎಳೆದು ಮತ್ತೆ ಬಿಗಿಯಬೇಕು. ರಬ್ಬರ್ ಹಚ್ಚಿ ಹೋಗಿಬಿಡುವ ಕೆಲಸಗಾರರು ಸಾಮಾನ್ಯವಾಗಿ ಬಿಟ್ಟುಹೋಗುವುದು ಇದನ್ನೇ.

ಒಳಗಿನ ದೀಪ ಇನ್ನೊಂದು ಕಳ್ಳದಾರಿ. ಎಲ್‌ಇಡಿ ಪಟ್ಟಿಯ ತೆಳ್ಳಗಿನ ತಂತಿಗಾಗಿ ಹಿಂಬದಿಯ ಹಲಗೆಯಲ್ಲಿ ಬೆರಳು ತೂರುವಷ್ಟು ದೊಡ್ಡ ರಂಧ್ರ ಕೊರೆದಿರುತ್ತಾರೆ. ತಂತಿ ಎಳೆದ ಮೇಲೆ ಅದನ್ನು ಸಿಲಿಕೋನ್‌ನಿಂದ ಮುಚ್ಚಿಸಿ. ದೀಪದ ಡ್ರೈವರ್ ಹೊರಗೆ, ಕೈಗೆಟುಕುವ ಕಡೆ ಇರಲಿ. ಒಳಗಿನ ಹಲಗೆಗೆ 8 ಮಿ.ಮೀ. ಟಫನ್ಡ್ ಗಾಜು ಹಾಕಿಸುವುದಾದರೆ ಅಳತೆ ಎರಡು ಸಲ ನೋಡಿ. ಟಫನ್ ಆದ ಮೇಲೆ ಅದನ್ನು ಕತ್ತರಿಸಲಾಗದು, ತೂತು ಹಾಕಲಾಗದು.

ಕೆಲಸ ಮುಗಿದ ದಿನ ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ಯೂನಿಟ್ಟಿನ ಒಳದೀಪ ಮಾತ್ರ ಹಚ್ಚಿ ಬಾಗಿಲು ಹಾಕಿ. ಗಾಜಿನ ಬೆಳಕು ಕಣ್ಣಿಗೆ ಹೊಡೆಯದಂತೆ ಒಳಗಿನಿಂದ ಪೇಪರ್ ಅಂಟಿಸಿರಬೇಕು. ಅಂಚಿನಲ್ಲಿ ಬೆಳಕಿನ ಗೆರೆ ಕಂಡಲ್ಲೆಲ್ಲ ಧೂಳಿಗೂ ದಾರಿಯಿದೆ. ಇನ್ನೊಂದು ಪರೀಕ್ಷೆಯೂ ಇದೆ: ಕಾಗದದ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ತಡೆಯಿಲ್ಲದೆ ಬಂದುಬಿಟ್ಟರೆ ಅಲ್ಲಿ ರಬ್ಬರ್ ಒತ್ತಿಕೊಂಡಿಲ್ಲ.

ಈಗಾಗಲೇ ಜಾರುಬಾಗಿಲು ಇದ್ದವರು ಎರಡು ಗಾಜು ಒಂದರ ಮೇಲೊಂದು ಬರುವ ಅಂಚಿಗೆ ಬ್ರಷ್ ಪಟ್ಟಿ ಅಂಟಿಸಬಹುದು. ಅಲ್ಯೂಮಿನಿಯಂ ಕಿಟಕಿ ಮಾಡುವವರ ಬಳಿ ಸಿಗುತ್ತದೆ. ಧೂಳು ಕಡಿಮೆಯಾಗುತ್ತದೆ, ಪೂರಾ ನಿಲ್ಲುವುದಿಲ್ಲ. ಅಡುಗೆಮನೆ ಊಟದ ಕೋಣೆಗೇ ತೆರೆದಿದ್ದರೆ ಒಗ್ಗರಣೆಯ ಜಿಡ್ಡು ಗಾಜಿನ ಮೇಲೆ ಕೂತು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಕಡೆ ಯೂನಿಟ್ಟನ್ನು ಒಲೆಯ ಎದುರು ಗೋಡೆಗೆ ಹಾಕಿಸಲೇಬಾರದು.

ಇಷ್ಟು ಬಿಗಿಯಾದ ಪೆಟ್ಟಿಗೆಯಲ್ಲಿ ಗಾಳಿಯಾಡುವುದಿಲ್ಲ. ತೊಳೆದ ಲೋಟ ಪೂರ್ತಿ ಒಣಗದೆ ಒಳಗೆ ಹೋದರೆ ಮುಗ್ಗಲು ವಾಸನೆ ಕಟ್ಟಿಟ್ಟ ಬುತ್ತಿ. ಹೊಸ ಯೂನಿಟ್ಟಾದರೆ ಪ್ಲೈ, ಅಂಟಿನ ವಾಸನೆ ಹೋಗುವವರೆಗೆ ಬಾಗಿಲು ತೆರೆದಿಟ್ಟು, ಆಮೇಲೆ ಲೋಟಗಳನ್ನು ಬಾಯಿ ಮೇಲಾಗಿ ಜೋಡಿಸಿ. ಬೋರಲು ಹಾಕಿದರೆ ಹಲಗೆಯ ವಾಸನೆ ಒಳಗೇ ಸಿಕ್ಕಿಕೊಳ್ಳುತ್ತದೆ, ತೆಳುಗಾಜಿನ ಬಾಯಂಚಿನ ಮೇಲೆ ಭಾರವೂ ಬೀಳುತ್ತದೆ.