ಮೀಟರ್ ಮರೆಯದ ಹದಿನೈದು ನಿಮಿಷ

ಕಾರ್ಖಾನೆಯ ಗೇಟಿನ ಪಕ್ಕದ ಪೆಟ್ಟಿಗೆಯಲ್ಲಿ ಕೂತ ಟ್ರೈವೆಕ್ಟರ್ ಮೀಟರ್ ಮುಖ್ಯವಾಗಿ ಎರಡು ಲೆಕ್ಕ ಬರೆಯುತ್ತದೆ. ಎಷ್ಟು ಯೂನಿಟ್ ಖರ್ಚಾಯಿತು ಎಂಬುದು ಒಂದು. ಅದು ಮನೆಯ ಮೀಟರಿಗೂ ಗೊತ್ತಿರುವ ಕೆಲಸ. ಎರಡನೆಯದಕ್ಕಾಗಿ ಅದು ದಿನವನ್ನು ಹದಿನೈದು ನಿಮಿಷದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಸರಾಸರಿ ಎಳೆತವನ್ನು ಅಳೆಯುತ್ತದೆ. ಮೂವತ್ತು ದಿನದ ತಿಂಗಳಲ್ಲಿ ಅಂಥ ತುಂಡುಗಳು 2,880. ಅವುಗಳಲ್ಲಿ ಅತಿ ದೊಡ್ಡದೊಂದನ್ನು ಮಾತ್ರ ಮೀಟರ್ ಬಿಲ್‌ಗೆಂದು ಎತ್ತಿಡುತ್ತದೆ. ಅದೇ ಎಂ.ಡಿ., ಮ್ಯಾಕ್ಸಿಮಮ್ ಡಿಮ್ಯಾಂಡ್. ಉಳಿದ 2,879 ತುಂಡುಗಳಲ್ಲಿ ನೀವು ಎಷ್ಟೇ ಮಿತವಾಗಿ ನಡೆದುಕೊಂಡಿದ್ದರೂ ಡಿಮ್ಯಾಂಡ್ ಶುಲ್ಕಕ್ಕೆ ಅದು ಲೆಕ್ಕವಿಲ್ಲ.

ಪೀಣ್ಯದಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಘಟಕವನ್ನು ಎದುರಿಗಿಟ್ಟುಕೊಳ್ಳೋಣ. ಒಂದು ಕಡೆ ಸಿಎನ್‌ಸಿ ಯಂತ್ರಗಳ ಸಾಲು, ಇನ್ನೊಂದು ಕಡೆ 60 ಕಿಲೋವ್ಯಾಟಿನ ಪಿಟ್ ಫರ್ನೇಸ್, ಶೆಡ್ಡಿನ ಹಿಂದೆ 40 ಎಚ್‌ಪಿ ಕಂಪ್ರೆಸರ್. ಎಚ್‌ಟಿ ಸಂಪರ್ಕ, ಕಾಂಟ್ರ್ಯಾಕ್ಟ್ ಡಿಮ್ಯಾಂಡ್ 200 ಕೆವಿಎ. ಈ ಸಿ.ಡಿ.ಯನ್ನು ಯಂತ್ರಗಳ ಫಲಕ ನೋಡಿ ಕೂಡಿದ ಮೊತ್ತದ ಜೊತೆ ಬೆರೆಸಬಾರದು. ಎಲ್ಲ ಮೋಟರುಗಳ ಎಚ್‌ಪಿ ಕೂಡಿದರೆ ಬರುವುದು ಜೋಡಣೆಯಾದ ಲೋಡ್. 'ಒಟ್ಟಿಗೆ ಎಳೆದರೂ ಇದನ್ನು ಮೀರುವುದಿಲ್ಲ' ಎಂದು ವಿದ್ಯುತ್ ಕಂಪನಿಗೆ ಬರೆದುಕೊಟ್ಟ ಮಾತು ಸಿ.ಡಿ. ನಿಮ್ಮ ಆ ಮಾತನ್ನು ನಂಬಿ ಕಂಪನಿ ಟ್ರಾನ್ಸ್‌ಫಾರ್ಮರು, ತಂತಿ ಎಲ್ಲವನ್ನೂ ಕಾದಿರಿಸುತ್ತದೆ. ಡಿಮ್ಯಾಂಡ್ ಶುಲ್ಕವೆಂದರೆ ಹಾಗೆ ಕಾದಿರಿಸಿದ್ದಕ್ಕೆ ಕೊಡುವ ಬಾಡಿಗೆ.

ಈ ಘಟಕದ ಎಂ.ಡಿ. 188 ಕೆವಿಎ. ಲೆಕ್ಕ ಸುಲಭವಾಗಲೆಂದು ಕೆವಿಎಗೆ ₹350 ಎಂದಿಟ್ಟುಕೊಂಡರೆ ತಿಂಗಳಿಗೆ ₹65,800. 'ಸೋಲಾರ್ ಹಾಕಿಸಿ, ಬಿಲ್ ಅರ್ಧಕ್ಕೆ ಇಳಿಯುತ್ತೆ' ಎಂದು ಮಾರಲು ಬಂದವರು ಹೇಳಿದರು, ಯಜಮಾನರು 80 ಕಿಲೋವ್ಯಾಟ್ ಹಾಕಿಸಿಯೂ ಬಿಟ್ಟರು ಎನ್ನೋಣ. ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ಸರಾಸರಿ 320 ಯೂನಿಟ್, ತಿಂಗಳಿಗೆ 9,600. ಯೂನಿಟ್‌ಗೆ ₹7ರಂತೆ ₹67,200 ಉಳಿತಾಯ. ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜವಾಯಿತು. ಎಂ.ಡಿ. ಸಾಲಿನಲ್ಲಿ ಮಾತ್ರ 188 ಹೋಗಿ 182 ಬಂದಿತ್ತು. ಅಲ್ಲಿ ಉಳಿದದ್ದು ₹2,100.

ಮೀಟರಿನ ಲೋಡ್ ಸರ್ವೇ ತೆಗೆಸಿ ನೋಡಿದರೆ ಗುಟ್ಟು ತಿಳಿಯುತ್ತದೆ. ಪ್ರತಿ ಹದಿನೈದು ನಿಮಿಷದ ಅಂಕಿ ಅದರಲ್ಲಿ ಸಮಯದ ಸಮೇತ ಇರುತ್ತದೆ. 182 ಬಂದದ್ದು ಜುಲೈ ತಿಂಗಳ ಒಂದು ದಿನ, ಬೆಳಿಗ್ಗೆ 9:15ರಿಂದ 9:30ರ ತುಂಡಿನಲ್ಲಿ. ಆಗಷ್ಟೇ ಶಿಫ್ಟ್ ಶುರುವಾಗಿದೆ. ತಣ್ಣಗಿದ್ದ ಫರ್ನೇಸ್ ಪೂರ್ತಿ 60 ಕಿಲೋವ್ಯಾಟ್ ಎಳೆಯುತ್ತಿದೆ, ಖಾಲಿ ಟ್ಯಾಂಕ್ ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದೆ, ಸಿಎನ್‌ಸಿಗಳು ಎದ್ದಿವೆ. ಮೇಲೆ ಮುಂಗಾರಿನ ಮೋಡ. ಶುಭ್ರ ಆಕಾಶವಿದ್ದಿದ್ದರೂ ಆ ಹೊತ್ತಿನ ಓರೆ ಬಿಸಿಲಿಗೆ ಫಲಕಗಳು ಕೊಡುತ್ತಿದ್ದದ್ದು ನಲವತ್ತು ಕಿಲೋವ್ಯಾಟ್ ಆಸುಪಾಸು. ಆ ದಿನ ಕೊಟ್ಟದ್ದು ಆರು. ತಿಂಗಳಲ್ಲಿ ಇಪ್ಪತ್ತೈದು ದಿನ ಬಿಸಿಲು ಚೆನ್ನಾಗಿ ಬಿದ್ದರೂ ಇಂಥದ್ದೊಂದು ಬೆಳಗು ಸಾಕು. ಯೂನಿಟ್ ಲೆಕ್ಕದಲ್ಲಿ ದಿನಗಳೆಲ್ಲ ಕೂಡುತ್ತಾ ಹೋಗುತ್ತವೆ, ಎಂ.ಡಿ. ಲೆಕ್ಕದಲ್ಲಿ ಕೆಟ್ಟ ದಿನವೊಂದೇ ಉಳಿಯುತ್ತದೆ. ರಾತ್ರಿ ಪಾಳಿ ನಡೆಸುವವರಿಗಂತೂ ಸೋಲಾರಿನಿಂದ ಈ ಸಾಲು ಅಲ್ಲಾಡುವುದೇ ಅನುಮಾನ.

ಶುಲ್ಕ ಕೆವಿಎಯಲ್ಲಿರುವುದು ಇನ್ನೊಂದು ತೊಡಕು. ಮೋಟರು ತಿರುಗಿ ಕೆಲಸ ಮಾಡಲು ಎಳೆಯುವುದು ಕಿಲೋವ್ಯಾಟ್, ಅದರೊಳಗೆ ಕಾಂತಕ್ಷೇತ್ರ ಕಟ್ಟಿಕೊಳ್ಳಲು ಎಳೆಯುವುದು ಕೆವಿಎಆರ್. ಇವೆರಡೂ ಲಂಬಕೋನ ತ್ರಿಭುಜದ ಎರಡು ಬಾಹುಗಳಾದರೆ ಕೆವಿಎ ಅದರ ವಿಕರ್ಣ. ಸಾಮಾನ್ಯವಾಗಿ ಹೊಂದಿಸಿಟ್ಟಂತೆ ಸೋಲಾರ್ ಇನ್ವರ್ಟರ್ ಕಿಲೋವ್ಯಾಟ್ ಮಾತ್ರ ಕೊಡುತ್ತದೆ, ಕಾಂತದ ಪಾಲು ಮೊದಲಿನಂತೆ ಲೈನಿನಿಂದಲೇ ಬರಬೇಕು. ಮಧ್ಯಾಹ್ನ ಕಾರ್ಖಾನೆ 170 ಕಿಲೋವ್ಯಾಟ್, 56 ಕೆವಿಎಆರ್ ಎಳೆಯುತ್ತಿದೆ ಎನ್ನಿ. ಅದು 179 ಕೆವಿಎ, ಪವರ್ ಫ್ಯಾಕ್ಟರ್ 0.95. ಸೋಲಾರ್ 60 ಕಿಲೋವ್ಯಾಟ್ ಕೊಟ್ಟರೆ ಲೈನಿನಿಂದ 110 ಸಾಕು. ಆದರೆ 56 ಹಾಗೆಯೇ ಉಳಿಯಿತಲ್ಲ, ಹಾಗಾಗಿ ಕೆವಿಎ 123, ಪವರ್ ಫ್ಯಾಕ್ಟರ್ 0.89. ಕೆಲಸವೇನೂ ಬದಲಾಗಿಲ್ಲ, ಮೋಟರುಗಳೂ ಕೆಟ್ಟಿಲ್ಲ. ಆದರೂ ತಿಂಗಳ ಸರಾಸರಿ 0.90ಕ್ಕಿಂತ ಕೆಳಗಿಳಿದರೆ ಬಿಲ್‌ನಲ್ಲಿ ಹೊಸ ದಂಡದ ಸಾಲೊಂದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಮದ್ದು ಕೆಪಾಸಿಟರ್ ಪ್ಯಾನೆಲ್. ಅದರ ರಿಲೇ, ಸೋಲಾರ್ ಸೇರಿದ ಮೇಲೆ ಲೈನಿನಿಂದ ಬರುವ ಕರೆಂಟನ್ನು ನೋಡುವಂತಿರಬೇಕು. ಬಹಳ ಕಡೆ ಅದನ್ನು ಹಳೆಯ ಜಾಗದಲ್ಲೇ ಬಿಟ್ಟಿರುತ್ತಾರೆ.

ಹಾಗಾದರೆ ಎಂ.ಡಿ. ಇಳಿಸುವುದು ಹೇಗೆ? ಮೊದಲು ಒಂದು ತಪ್ಪು ನಂಬಿಕೆ ಬಿಡಬೇಕು. ಕಂಪ್ರೆಸರ್ ಚಾಲೂ ಆಗುವ ಕ್ಷಣದ ಜಗ್ಗಾಟವೇ ಎಂ.ಡಿ. ಏರಿಸುತ್ತದೆ ಎಂದು ಎಲೆಕ್ಟ್ರಿಷಿಯನ್ನರೂ ಹೇಳುವುದುಂಟು. ಹತ್ತು ಸೆಕೆಂಡು ಅದು ಮೂರು ಪಟ್ಟು ಎಳೆದರೂ ಒಂಬೈನೂರು ಸೆಕೆಂಡಿನ ಸರಾಸರಿಯಲ್ಲಿ ಒಂದು ಕಿಲೋವ್ಯಾಟ್ ಕೂಡ ಹೆಚ್ಚಾಗುವುದಿಲ್ಲ. ಹುಡುಕಬೇಕಾದದ್ದು ಹದಿನೈದು ನಿಮಿಷ ಬಿಡದೆ ಎಳೆಯುವುದನ್ನು. ಇಲ್ಲಿ ಅದು ಫರ್ನೇಸ್. ಒಮ್ಮೆ ಕಾದ ಮೇಲೆ ಅದರ ಸರಾಸರಿ 25 ಕಿಲೋವ್ಯಾಟಿಗೆ ಇಳಿಯುತ್ತದೆ. ಟೈಮರ್ ಹಾಕಿ ಏಳೂವರೆಗೆ ಚಾಲೂ ಮಾಡಿದರೆ 9:15ರ ಹೊತ್ತಿಗೆ ಅದು ಕಾದು ಕೂತಿರುತ್ತದೆ, ಅದೇ ತುಂಡು 155 ಕೆವಿಎ ಆಗುತ್ತದೆ. ಸೋಲಾರ್ ಇಲ್ಲದೆಯೇ ಬರುವ ಇಳಿಕೆ ಇದು. ಬೆಳಗಿನ ಯೂನಿಟ್‌ಗೆ ಹೆಚ್ಚುವರಿ ದರವಿದೆಯೇ ಎಂದು ಬಿಲ್‌ನ ಟಿಒಡಿ ಸಾಲನ್ನೊಮ್ಮೆ ನೋಡಿಕೊಳ್ಳಬೇಕು ಅಷ್ಟೇ.

155 ಬಂದರೂ ಬಿಲ್ 155ಕ್ಕೆ ಬರುವುದಿಲ್ಲ. ಮೀಟರಿನ ಎಂ.ಡಿ. ಅಥವಾ ಸಿ.ಡಿ.ಯ ಇಂತಿಷ್ಟು ಪಾಲು, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಶುಲ್ಕ. ಆ ಪಾಲು 85% ಎಂದಿಟ್ಟುಕೊಂಡರೆ 200ಕ್ಕೆ 170 ಕೆವಿಎ, ಅಂದರೆ ₹59,500. ಅದಕ್ಕಿಂತ ಕೆಳಗೆ ಸೋಲಾರ್ ಇಳಿಸಿದರೂ ಟೈಮರ್ ಇಳಿಸಿದರೂ ಜೇಬಿಗೆ ಬರುವುದಿಲ್ಲ. ಬರಬೇಕಾದರೆ ಅರ್ಜಿ ಕೊಟ್ಟು ಸಿ.ಡಿ.ಯನ್ನೇ ಇಳಿಸಬೇಕು. 170ಕ್ಕೆ ಇಳಿಸಿದರೆ ಕೆಳಮಿತಿ 144.5 ಆಗುತ್ತದೆ, ಬಿಲ್ 155ಕ್ಕೇ ಬರುತ್ತದೆ, ₹54,250. ಮೊದಲಿಗಿಂತ ತಿಂಗಳಿಗೆ ₹11,550 ಕಡಿಮೆ.

ಆದರೆ ಸಿ.ಡಿ. ಮೀರಿದ ಪ್ರತಿ ಕೆವಿಎಗೆ ಎರಡು ಪಟ್ಟು ದರ. ಹಾಗಾಗಿ ಅರ್ಜಿ ಬರೆಯುವ ಮುಂಚೆ ಹನ್ನೆರಡು ತಿಂಗಳ ಎಂ.ಡಿ. ಸಾಲಾಗಿಟ್ಟು ನೋಡಬೇಕು. ಅದರಲ್ಲೂ ಆಯುಧಪೂಜೆಯ ತಿಂಗಳನ್ನು. ಸಾಲು ರಜೆ ಮುಗಿದು ಬಾಳೆಕಂದು ಇನ್ನೂ ಯಂತ್ರಕ್ಕೆ ಕಟ್ಟಿರುವ ಬೆಳಿಗ್ಗೆ ಫರ್ನೇಸ್ ಕಲ್ಲಿನಂತೆ ತಣ್ಣಗಾಗಿರುತ್ತದೆ. ಪೂಜೆಗೆಂದು ಮೇನ್ ಆಫ್ ಮಾಡಿದಾಗ ಟೈಮರ್ ಹಿಂದೆ ಬಿದ್ದಿರುತ್ತದೆ, ಅದನ್ನು ಯಾರೂ ಗಮನಿಸಿರುವುದಿಲ್ಲ. ಒಂಬತ್ತಕ್ಕೆ ಬಂದವರು ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡುತ್ತಾರೆ. ಮೋಡ ಕವಿದಿದ್ದರೆ ಆ ತುಂಡು ಮತ್ತೆ 188 ತೋರಿಸಬಹುದು. ಆಗ 170ಕ್ಕೆ ₹59,500, ಮೀರಿದ 18ಕ್ಕೆ ₹12,600. ಒಟ್ಟು ₹72,100, ಹಳೆಯ ಬಿಲ್‌ಗಿಂತ ₹6,300 ಹೆಚ್ಚು.