ಬ್ಯಾಡಗಿಯ ಫೈಲು ಧಾರವಾಡಕ್ಕೆ ಹೋಗುವ ದಾರಿ

ಗಣೇಶನ ಹಬ್ಬ ಬಂತೆಂದರೆ ನಮ್ಮೂರುಗಳ ವೃತ್ತಗಳಲ್ಲಿ ಶುಭ ಕೋರುವ ಫ್ಲೆಕ್ಸುಗಳು ಏಳುತ್ತವೆ. ಕೆಲವುಗಳ ಮೂಲೆಯಲ್ಲಿ ಕರಿ ಕೋಟು ತೊಟ್ಟ ನಗುಮುಖ, ಕೆಳಗೆ ‘ವಕೀಲರು’ ಎಂಬ ಪದ, ಪಕ್ಕದಲ್ಲಿ ಮೊಬೈಲ್ ನಂಬರು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಓದಿದವರಿಗೆ ಅದು ಹಬ್ಬದ ಹಾರೈಕೆಯಾಗಿ ಕಾಣುವುದು ಕಷ್ಟ. ಸುತ್ತೋಲೆ, ಜಾಹೀರಾತು, ದಲ್ಲಾಳಿ, ಪರಿಚಯವಿಲ್ಲದವರ ಭೇಟಿ, ತಾನು ನಡೆಸುವ ಪ್ರಕರಣದ ಬಗ್ಗೆ ಪತ್ರಿಕೆಯಲ್ಲಿ ಫೋಟೊ, ಯಾವ ದಾರಿಯಿಂದಲೂ ವಕೀಲ ಕೆಲಸ ಕೇಳಕೂಡದು ಎನ್ನುತ್ತದೆ ಆ ನಿಯಮ. ಕಚೇರಿಯ ನಾಮಫಲಕವೂ ಹಿತಮಿತ ಗಾತ್ರದ್ದೇ ಇರಬೇಕು. ತಾನು ಇಂಥ ಕೆಲಸದಲ್ಲಿ ಪರಿಣತ ಎಂದು ಅದರ ಮೇಲೆ ಬರೆಯುವಂತಿಲ್ಲ. 2008ರ ತಿದ್ದುಪಡಿಯಿಂದ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಕೆಲಸದ ಕ್ಷೇತ್ರ ಹಾಕಿಕೊಳ್ಳಬಹುದು, ಅಷ್ಟೆ. ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆಯ ಮೊದಲ ಅನುಸೂಚಿ ಹೆಚ್ಚುಕಡಿಮೆ ಇದೇ ಬೇಲಿ ಹಾಕಿದೆ. ಅವರ ಸಂಸ್ಥೆ ಪ್ರಚಾರದ ವಿವರಗಳನ್ನು ಆಗಾಗ ಸಡಿಲಿಸಿದ್ದರೂ ಕಕ್ಷಿದಾರರ ಬಳಿಗೆ ಹೋಗಿ ಕೆಲಸ ಕೇಳುವುದು ಇಂದಿಗೂ ದುರ್ನಡತೆಯೇ.

ಹಾಗಾದರೆ ಇವರ ಕಚೇರಿಗೆ ಜನ ಬರುವುದು ಹೇಗೆ? ಬಹುಪಾಲು ಇನ್ನೊಬ್ಬ ವೃತ್ತಿನಿರತರ ಬಾಯಿಂದ. ಯಾರು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನೂ ಕಾನೂನು ಗೆರೆ ಎಳೆದು ಹೇಳಿದೆ. ಒಬ್ಬರ ಗೆರೆ ಮುಗಿಯುವಲ್ಲಿ ಇನ್ನೊಬ್ಬರು ಬೇಕೇ ಬೇಕು. ಒಂದು ಉದಾಹರಣೆ ಹೆಣೆದು ನೋಡೋಣ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಅವರ ಲೆಕ್ಕ ನೋಡುವ ಆಡಿಟರು ರಾಣೆಬೆನ್ನೂರಿನಲ್ಲಿದ್ದಾರೆ. ಖರೀದಿಯ ಮೇಲಿನ ತೆರಿಗೆ ಕ್ರೆಡಿಟ್ಟು ತಾಳೆಯಾಗಲಿಲ್ಲವೆಂದು ಜಿಎಸ್‌ಟಿ ಅಧಿಕಾರಿ ಜನವರಿ 10ರಂದು 9 ಲಕ್ಷ ರೂಪಾಯಿ ತೆರಿಗೆ ಕಟ್ಟಲು ಆದೇಶ ಹೊರಡಿಸುತ್ತಾರೆ. ಬಡ್ಡಿ, ದಂಡ ಬೇರೆ. ಆದೇಶ ಪೋರ್ಟಲ್‌ನ ಮಾಮೂಲಿ ಪುಟದಲ್ಲಿರದೆ ಹೆಚ್ಚುವರಿ ನೋಟಿಸುಗಳ ಪುಟದಲ್ಲಿ ಕೂತಿದೆ. ಯಾರೂ ನೋಡಲಿಲ್ಲ. ಮೇಲ್ಮನವಿಗೆ ಮೂರು ತಿಂಗಳು, ಅಂದರೆ ಏಪ್ರಿಲ್ 10. ತಕ್ಕ ಕಾರಣ ಕೊಟ್ಟರೆ ಇನ್ನೊಂದು ತಿಂಗಳು, ಮೇ 10. ಅಷ್ಟರೊಳಗೆ ನೋಡಿದ್ದರೆ ವಿವಾದಿತ ತೆರಿಗೆಯ ಶೇ 10, ಅಂದರೆ 90 ಸಾವಿರ ರೂಪಾಯಿ ಕಟ್ಟಿ ಮೇಲ್ಮನವಿ ಹಾಕಬಹುದಿತ್ತು, ಉಳಿದ ವಸೂಲಿ ನಿಲ್ಲುತ್ತಿತ್ತು. ಜೂನ್ ಮೊದಲ ವಾರ ಬ್ಯಾಂಕು ಖಾತೆ ತಡೆಹಿಡಿದಾಗಲೇ ವ್ಯಾಪಾರಿಗೆ ವಿಷಯ ಗೊತ್ತಾಗುವುದು.

ಈಗ ಉಳಿದಿರುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಹಾವೇರಿ ಜಿಲ್ಲೆಗೆ ಧಾರವಾಡ ಪೀಠ. ಮೇಲ್ಮನವಿಯ ಅಧಿಕಾರಿಯ ಮುಂದೆ ಆಡಿಟರು ತಾವೇ ವಾದಿಸಬಹುದಿತ್ತು, ಹೈಕೋರ್ಟಿನಲ್ಲಿ ಆಗದು. ಧಾರವಾಡದ ವಕೀಲರಿಗೆ ಇದು ಪರಿಚಯವಾಗುವ ಹೊತ್ತು. ಅವರು ಯಾರನ್ನೂ ಕೇಳಿಲ್ಲ, ಯಾವ ನಿಯಮವನ್ನೂ ಮುರಿದಿಲ್ಲ.

ಜಾಣ ಆಡಿಟರು ಇಲ್ಲಿ ಒಂದರ ಬದಲು ಎರಡು ಹೆಸರು ಹೇಳುತ್ತಾರೆ. ಆಯ್ಕೆ ವ್ಯಾಪಾರಿಯದು, ನಾಳೆ ‘ಅವರಿಬ್ಬರದೂ ಒಳಒಪ್ಪಂದ’ ಎಂಬ ಮಾತಿಗೆ ಆಸ್ಪದವಿಲ್ಲ. ಕಾಗದಪತ್ರ ಕಳಿಸುವ ಮುನ್ನ ವ್ಯಾಪಾರಿಯ ಒಪ್ಪಿಗೆ ಪಡೆಯುತ್ತಾರೆ, ಏಕೆಂದರೆ ಕಕ್ಷಿದಾರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆ ಕೊಡುವುದು ಅವರ ಕಾಯ್ದೆಯಲ್ಲಿ ದುರ್ನಡತೆ. ಫೈಲಿನ ಮೇಲೆ ತಾರೀಖುಗಳ ಒಂದು ಹಾಳೆ: ಆದೇಶ ಯಾವಾಗ ಹಾಕಿದರು, ಯಾವ ಪುಟದಲ್ಲಿ ಇತ್ತು, ಇಮೇಲು ಮತ್ತು ಎಸ್ಸೆಮ್ಮೆಸ್ಸು ಯಾರ ಹೆಸರಿಗೆ ಹೋದವು, ಸ್ಕ್ರೀನ್‌ಶಾಟ್ ಸಹಿತ. ಕಟ್ಟಿ ಕಳಿಸಿದ ಮುನ್ನೂರು ಪುಟಗಳಿಗಿಂತ ವಕೀಲರಿಗೆ ಬೇಕಾದದ್ದು ಈ ಒಂದು ಹಾಳೆ.

ನೋಂದಾಯಿತ ಇಮೇಲು ಆಡಿಟರ ಕಚೇರಿಯದೇ ಆಗಿದ್ದರೆ? ಸಣ್ಣ ವ್ಯಾಪಾರಿಗಳ ವಿಷಯದಲ್ಲಿ ಇದು ಅಪರೂಪವೇನಲ್ಲ. ಆಗ ಅರ್ಜಿಯ ಪ್ರಮಾಣಪತ್ರದಲ್ಲಿ ‘ನಮ್ಮ ತೆರಿಗೆ ಸಲಹೆಗಾರರು ತಿಳಿಸಲಿಲ್ಲ’ ಎಂಬ ಸಾಲು ಬಂದೇ ಬರುತ್ತದೆ. ಕೆಲಸ ಕಳಿಸಿದವರ ತಲೆಯ ಮೇಲೆಯೇ ತಪ್ಪು ಹೊರಿಸುವ ಈ ಸಾಲಿನಿಂದ ಕೆಡುವ ಸಂಬಂಧಗಳು ಹಣದಿಂದ ಕೆಡುವುದಕ್ಕಿಂತ ಹೆಚ್ಚು ಎಂದು ನನ್ನ ಅನಿಸಿಕೆ. ಸಂದೇಶ ಆಡಿಟರ ಕಚೇರಿಗೇ ಬಂದಿದ್ದರೆ ಅವರೇ ಮೊದಲು ವ್ಯಾಪಾರಿಗೂ ವಕೀಲರಿಗೂ ಹೇಳಿಬಿಡಬೇಕು. ಬಂದಿರದಿದ್ದರೆ ವಕೀಲರು ಅನುಕೂಲಕ್ಕೆಂದು ಆ ಸಾಲು ತುರುಕಬಾರದು. ‘ಸರ್, ಕರಡು ಕಳಿಸ್ತೀನಿ, ತಾರೀಖು ಒಮ್ಮೆ ನೋಡಿಬಿಡಿ’ ಎಂಬ ಒಂದು ಫೋನು ವ್ಯಾಪಾರಿಯ ಒಪ್ಪಿಗೆಯೊಂದಿಗೆ ಹೋದರೆ ಅರ್ಧ ಮನಸ್ತಾಪ ಅಲ್ಲೇ ತಪ್ಪುತ್ತದೆ.

ಇನ್ನು ಹಣ. ‘ಪಾರ್ಟಿ ಕಳಿಸಿದೆ, ನಮ್ಮದೇನು?’ ಎಂಬ ಪ್ರಶ್ನೆ ಈ ಲೋಕದಲ್ಲಿ ಕೇಳಿಬರದ ಪ್ರಶ್ನೆಯಲ್ಲ. ಇಲ್ಲಿ ಎರಡು ನಿಯಮಗಳು ಒಂದಕ್ಕೊಂದು ಸರಿಹೊಂದುವುದಿಲ್ಲ. ಸಿಎ ಕಾಯ್ದೆ ಹೊರಗಿನವರೊಂದಿಗೆ ಶುಲ್ಕ ಹಂಚಿಕೊಳ್ಳುವುದನ್ನು ನಿಷೇಧಿಸಿದರೂ, ಗೊತ್ತುಪಡಿಸಿದ ಕೆಲವು ವೃತ್ತಿಸಂಸ್ಥೆಗಳ ಸದಸ್ಯರಿಗೆ ಸ್ವಲ್ಪ ಬಾಗಿಲು ತೆರೆದಿಟ್ಟಿದೆ. ವಕೀಲರ ನಿಯಮದಲ್ಲಿ ಆ ಬಾಗಿಲೇ ಇಲ್ಲ: ವಕೀಲರಲ್ಲದ ಯಾರೊಂದಿಗೂ ಶುಲ್ಕ ಹಂಚಿಕೊಳ್ಳುವಂತಿಲ್ಲ. ಹೀಗಾಗಿ ಆಡಿಟರು ‘ನಮ್ಮಲ್ಲಿ ನಡೆಯುತ್ತೆ’ ಎಂದರೂ ವಕೀಲರು ಸಿಕ್ಕಿಬೀಳುತ್ತಾರೆ. ದುಡ್ಡಿಗಾಗಿ ಕಕ್ಷಿದಾರರನ್ನು ವಕೀಲರಿಗೆ ಹಿಡಿದುಕೊಡುವವರನ್ನು ಕಾನೂನು ದಲ್ಲಾಳಿ ಎನ್ನುತ್ತದೆ. 2023ರ ತಿದ್ದುಪಡಿ ಅಂಥವರಿಗೆ ಮೂರು ತಿಂಗಳವರೆಗೆ ಜೈಲು ಇಟ್ಟಿದೆ. 2024ರಲ್ಲಿ ಮದ್ರಾಸ್ ಹೈಕೋರ್ಟ್ ವಕೀಲರನ್ನು ಸರಕಿನಂತೆ ತೋರಿಸುವ ಆನ್‌ಲೈನ್ ತಾಣಗಳ ಮೇಲೂ ಇದೇ ನೆಲೆಯಲ್ಲಿ ಕಟುವಾಗಿ ಮಾತಾಡಿತು.

ಆದರೆ ಆಡಿಟರ ಕೆಲಸ ಪುಕ್ಕಟೆಯಾಗಬೇಕಿಲ್ಲ. ಬಿಲ್ಲುಗಳನ್ನು ತಾಳೆ ಹಾಕಿ ಕೊಟ್ಟರೆ ಅದು ನಿಜವಾದ ಕೆಲಸ. ಅದರ ಬಿಲ್ಲನ್ನು ಅವರು ವ್ಯಾಪಾರಿಗೇ ಕೊಡುತ್ತಾರೆ, ವಕೀಲರು ತಮ್ಮದನ್ನು ಬೇರೆ ಕೊಡುತ್ತಾರೆ. ವಕೀಲರ ಶುಲ್ಕದ ಇಂತಿಷ್ಟು ಶೇಕಡಾ ಎಂದು ‘ಫೈಲ್ ತಯಾರಿ’ ಹೆಸರಿನ ಬಿಲ್ಲು ಬಂದರೆ ಅದು ವೇಷ ಹಾಕಿದ ಕಮಿಷನ್ನು. ಮಾಡಿದ ಕೆಲಸಕ್ಕೂ ಮೊತ್ತಕ್ಕೂ ಸಂಬಂಧ ಹೇಳಲಾಗದಿದ್ದರೆ ಗುರುತು ಸಿಕ್ಕಿತೆಂದೇ ಲೆಕ್ಕ.

ಹೈಕೋರ್ಟು ಒಪ್ಪಿದರೆ ಸಾಮಾನ್ಯವಾಗಿ ಒಂದಿಷ್ಟು ಹಣ ಕಟ್ಟಿಸಿಕೊಂಡು ಆದೇಶ ರದ್ದು ಮಾಡಿ, ‘ಮತ್ತೆ ವಿಚಾರಿಸಿ’ ಎಂದು ಅಧಿಕಾರಿಗೇ ಮರಳಿಸುತ್ತದೆ. ಒಪ್ಪಲೇಬೇಕೆಂದೇನಿಲ್ಲ, ವಕೀಲರು ಮೊದಲ ದಿನವೇ ಇದನ್ನು ಹೇಳಿರಬೇಕು. ಮರಳಿ ಬಂದ ಮೇಲೆ ಉಳಿಯುವುದು ಲೆಕ್ಕದ ಕೆಲಸ: ಪ್ರತಿ ಬಿಲ್ಲಿಗೂ ಉತ್ತರ. ವಕೀಲರೂ ಅದನ್ನು ಮಾಡಬಹುದು, ಕಾನೂನು ತಡೆಯುವುದಿಲ್ಲ. ವ್ಯಾಪಾರಿ ಈಗ ಅವರನ್ನೇ ದೊಡ್ಡವರೆಂದು ನಂಬಿಯೂ ಇರುತ್ತಾರೆ. ಆದರೂ ‘ಇದನ್ನು ನಿಮ್ಮ ಆಡಿಟರೇ ಚೆನ್ನಾಗಿ ಮಾಡ್ತಾರೆ’ ಎಂದು ತೀರ್ಪಿನ ಪ್ರತಿ, ಹಣ ಕಟ್ಟಬೇಕಾದ ಕೊನೆಯ ತಾರೀಖು ಬರೆದು ಫೈಲು ಹಿಂದಿರುಗಿಸುವ ವಕೀಲರಿಗೆ ರಾಣೆಬೆನ್ನೂರಿನಿಂದ ಎರಡನೇ ಫೈಲು ಬರುತ್ತದೆ. ಉಳಿಸಿಕೊಂಡವರಿಗೆ ಬರುವುದಿಲ್ಲ, ಏಕೆಂದು ಯಾರೂ ಹೇಳುವುದೂ ಇಲ್ಲ.

ಪರಿಚಯವೇ ಇಲ್ಲದ ಹೊಸ ಸಿಎಗಳಿಗೆ ಕಾಯ್ದೆಯಲ್ಲೇ ಒಂದು ಸಂದು ಇದೆ, ಹಲವರು ಗಮನಿಸಿರುವುದಿಲ್ಲ: ವೃತ್ತಿಯಲ್ಲಿರುವ ಇನ್ನೊಬ್ಬ ಸಿಎ ಬಳಿ ಕೆಲಸ ಕೇಳುವುದು ತಪ್ಪಲ್ಲ. ಒಂದು ಸಂಸ್ಥೆಯ ಆಂತರಿಕ ಲೆಕ್ಕಪರಿಶೋಧನೆ ಮಾಡುವವರು ಅದೇ ಸಂಸ್ಥೆಯ ತೆರಿಗೆ ಆಡಿಟ್ ಮಾಡುವಂತಿಲ್ಲ. ಅಂಥ ಕೆಲಸ ಇನ್ನೊಬ್ಬರಿಗೆ ಹೋಗಲೇಬೇಕು. ಹಿರಿಯರ ಕಚೇರಿಗೆ ಹೋಗಿ ‘ಸರ್, ನೀವು ಮಾಡೋಕಾಗದ್ದು ಇದ್ದರೆ ಹೇಳಿ’ ಎನ್ನಬಹುದು. ಅದೇ ಮಾತನ್ನು ನೇರ ವ್ಯಾಪಾರಿಯ ಅಂಗಡಿಗೆ ಹೋಗಿ ಆಡಿದರೆ ದೂರು ಬರುತ್ತದೆ.

ಹೀಗೆ ಬಂದ ಆಡಿಟನ್ನು ಒಪ್ಪುವ ಮುನ್ನ ಹಿಂದಿನ ಆಡಿಟರಿಗೆ ಲಿಖಿತವಾಗಿ ತಿಳಿಸಬೇಕು, ತಲುಪಿದ್ದಕ್ಕೆ ಪುರಾವೆಯನ್ನೂ ಇಟ್ಟುಕೊಳ್ಳಬೇಕು. ವಕೀಲರಿಗೂ ಹಾಗೆಯೇ: ಬೇರೊಬ್ಬರ ವಕಾಲತ್ತು ಇರುವ ಪ್ರಕರಣಕ್ಕೆ ಅವರ ಒಪ್ಪಿಗೆ ಬೇಕು, ಸಿಗದಿದ್ದರೆ ಕಾರಣ ಹೇಳಿ ನ್ಯಾಯಾಲಯದ ಅನುಮತಿ ಪಡೆಯಬೇಕು. ‘ಕಳಿಸಿದವರು ಪರಿಚಯದವರೇ’ ಎಂದು ಈ ಪತ್ರವನ್ನು ಬಿಟ್ಟವರ ಮೇಲೆ ದೂರು ಕೊಡುವವರು ಹೊರಗಿನವರಲ್ಲ, ಕೆಲಸ ಕಳೆದುಕೊಂಡ ಅದೇ ಊರಿನ ಹಿಂದಿನ ಆಡಿಟರು.